ಮಕ್ಕಳ ಬ್ಯೂರೆಟ್ ಸೆಟ್: ಡ್ರಿಪ್ ಮೂಲಕ ಹೋಗುವ ದ್ರವದ ಪ್ರಮಾಣವನ್ನು ಮಿತಿಗೊಳಿಸುವ ವಿಧಾನ

1. ಪೀಠಿಕೆ

ವಾಂತಿ, ಭೇದಿ, ನಿರ್ಜಲೀಕರಣ ಮುಂತಾದ ಕಾರಣಗಳಿಂದ ಬಾಯಿಯ ಮೂಲಕ ದ್ರವಾಹಾರ ಸ್ವೀಕರಿಸಲಾಗದ ಮಕ್ಕಳಿಗೆ ರಕ್ತನಾಳದ ಮೂಲಕ ದ್ರವವನ್ನು ನೀಡಲಾಗುತ್ತದೆ. ಜನಸಾಮಾನ್ಯರು ಇದನ್ನು "ಗ್ಲೂಕೋಸ್ ಹಾಕುವುದು" ಅಥವಾ "ಡ್ರಿಪ್ ಹಾಕುವುದು" ಎಂದು ಕರೆಯುತ್ತಾರೆ. ವಯಸ್ಕರಿಗೆ ಬಳಸುವ 500 ಮಿ.ಲೀ. ಬಾಟಲಿಯೇ ಮಕ್ಕಳಿಗೂ ಬಳಕೆಯಾಗುತ್ತದೆ. ಅಪಾಯದ ಮೂಲವೂ ಇದೇ ಆಗಿರುತ್ತದೆ.

6 ಕಿ.ಗ್ರಾಂ. ತೂಕದ ಶಿಶುವಿನ ದೇಹದಲ್ಲಿರುವ ಒಟ್ಟು ರಕ್ತದ ಪ್ರಮಾಣ, ಪ್ರತಿ ಕಿ.ಗ್ರಾಂ.ಗೆ ಸುಮಾರು 80 ಮಿ.ಲೀ.ನಂತೆ, 480 ಮಿ.ಲೀ. ಆಗುತ್ತದೆ. ಅಂದರೆ ಶಿಶುವಿನ ಮಂಚದ ಪಕ್ಕದ ಸ್ಟ್ಯಾಂಡಿನಲ್ಲಿ ತೂಗುವ ಒಂದು ಬಾಟಲಿಯಲ್ಲಿ, ಆ ಶಿಶುವಿನ ಮೈಯಲ್ಲಿರುವ ರಕ್ತದಷ್ಟೇ ದ್ರವ ಇರುತ್ತದೆ. ನಿಯಂತ್ರಕ ಸಡಿಲಗೊಂಡು ಈ ದ್ರವವು ಅಲ್ಪಾವಧಿಯಲ್ಲಿ ದೇಹ ಸೇರಿದಲ್ಲಿ ಹೃದಯಕ್ಕೆ ಹೊರೆಯಾಗಿ, ಶ್ವಾಸಕೋಶದಲ್ಲಿ ನೀರು ತುಂಬಿ, ಶಿಶುವಿನ ಪ್ರಾಣಕ್ಕೆ ಅಪಾಯ ಒದಗುತ್ತದೆ.

ಬಾಟಲಿ ಮತ್ತು ಮಗುವಿನ ನಡುವೆ ಸಣ್ಣ ಅಳತೆಯ ಪಾತ್ರೆಯೊಂದನ್ನು ಇರಿಸಿ ಈ ಅಪಾಯವನ್ನು ತಡೆಯುವ ಸಾಧನವೇ ಬ್ಯೂರೆಟ್ ಸೆಟ್. ಇದನ್ನು ಅಳವಡಿಸುವ ಕ್ರಮ, ಅಳವಡಿಸಿದ ನಂತರ ಇಡಬೇಕಾದ ನಿಗಾ ಹಾಗೂ ಸಾಮಾನ್ಯವಾಗಿ ಸಂಭವಿಸುವ ಲೋಪಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಯಾವ ದ್ರವ, ಎಷ್ಟು ಪ್ರಮಾಣ ಮತ್ತು ಯಾವ ವೇಗ ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸತಕ್ಕದ್ದು.

2. ಬ್ಯೂರೆಟ್ ಸೆಟ್‌ನ ರಚನೆ

ಬ್ಯೂರೆಟ್ ಎಂಬುದು ಸಾಮಾನ್ಯವಾಗಿ 100 ಅಥವಾ 150 ಮಿ.ಲೀ. ಹಿಡಿಯುವ, ಮಿ.ಲೀ. ಗೆರೆಗಳನ್ನು ಗುರುತಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಪಾತ್ರೆ. ಇದರ ಮೇಲ್ಭಾಗದಿಂದ ಹೊರಡುವ ನಳಿಕೆಯ ತುದಿಯಲ್ಲಿ ಬಾಟಲಿಗೆ ಚುಚ್ಚುವ ಮೊನೆ ಇರುತ್ತದೆ. ಈ ನಳಿಕೆಯ ಮೇಲೆ ಇರುವ ಕ್ಲಾಂಪ್ ಅನ್ನು ಇಲ್ಲಿ "ಮೇಲಿನ ಕ್ಲಾಂಪ್" ಎಂದು ಕರೆಯಲಾಗಿದೆ. ಬ್ಯೂರೆಟ್‌ನ ಮುಚ್ಚಳದ ಮೇಲೆ ಫಿಲ್ಟರ್ ಇರುವ ಗಾಳಿಕಿಂಡಿ ಹಾಗೂ ಔಷಧ ಸೇರಿಸಲು ರಬ್ಬರಿನ ಬಿರಡೆ ಇರುತ್ತವೆ.

ಬ್ಯೂರೆಟ್‌ನ ಕೆಳಗೆ ಡ್ರಿಪ್ ಚೇಂಬರ್, ಅದರ ಕೆಳಗೆ ಉದ್ದನೆಯ ನಳಿಕೆ, ಅದರ ಮೇಲೆ ಹನಿಗಳ ವೇಗವನ್ನು ಹೊಂದಿಸುವ ರೋಲರ್ ಕ್ಲಾಂಪ್ ಇರುತ್ತವೆ. ಇದನ್ನು "ಕೆಳಗಿನ ಕ್ಲಾಂಪ್" ಎಂದು ಕರೆಯಲಾಗಿದೆ. ಬಹುತೇಕ ಸೆಟ್‌ಗಳಲ್ಲಿ ಬ್ಯೂರೆಟ್‌ನ ತಳದಲ್ಲಿ ತೇಲುವ ಕವಾಟವೊಂದು ಇರುತ್ತದೆ. ದ್ರವ ಮುಗಿದಾಗ ಅದು ತಳಕ್ಕೆ ಕುಳಿತು ದ್ವಾರವನ್ನು ಮುಚ್ಚುವುದರಿಂದ ನಳಿಕೆಗೆ ಗಾಳಿ ಇಳಿಯುವುದಿಲ್ಲ. ಎಲ್ಲಾ ತಯಾರಕರ ಸೆಟ್‌ಗಳಲ್ಲೂ ಈ ಕವಾಟ ಇರುವುದಿಲ್ಲವಾದ್ದರಿಂದ ಪೊಟ್ಟಣದ ಮೇಲಿನ ವಿವರವನ್ನು ಓದಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ಮಕ್ಕಳ ಬ್ಯೂರೆಟ್ ಸೆಟ್‌ನ ಹನಿಗಳು ಚಿಕ್ಕವು. 60 ಹನಿಗಳು ಸೇರಿದರೆ 1 ಮಿ.ಲೀ. ಆಗುತ್ತದೆ. ಒಂದು ಗಂಟೆಯಲ್ಲಿ 60 ನಿಮಿಷಗಳಿರುವುದರಿಂದ ಲೆಕ್ಕ ಸರಳವಾಗುತ್ತದೆ. ಗಂಟೆಗೆ ಎಷ್ಟು ಮಿ.ಲೀ. ಹೋಗಬೇಕೋ, ನಿಮಿಷಕ್ಕೆ ಅಷ್ಟೇ ಹನಿಗಳು ಬೀಳಬೇಕು. ವಯಸ್ಕರ ಸೆಟ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ. 20 ಹನಿಗೆ 1 ಮಿ.ಲೀ. ನೀಡುವ ಸೆಟ್‌ನಲ್ಲಿ ನಿಮಿಷಕ್ಕೆ 25 ಹನಿ ಬಿಟ್ಟರೆ ಗಂಟೆಗೆ 25ರ ಬದಲು 75 ಮಿ.ಲೀ. ಹೋಗುತ್ತದೆ. ಆದ್ದರಿಂದ ಸೆಟ್ ತೆರೆಯುವ ಮುನ್ನ ಪೊಟ್ಟಣದ ಮೇಲೆ ನಮೂದಾಗಿರುವ ಹನಿಗಳ ಸಂಖ್ಯೆಯನ್ನು ನೋಡತಕ್ಕದ್ದು.

3. ಮಿತಿಯನ್ನು ನಿರ್ಧರಿಸುವ ಭಾಗ ಯಾವುದು?

ದ್ರವದ ಪ್ರಮಾಣವನ್ನು ಕೆಳಗಿನ ರೋಲರ್ ಕ್ಲಾಂಪ್ ನಿಯಂತ್ರಿಸುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣ ಸರಿಯಲ್ಲ. ರೋಲರ್ ಕ್ಲಾಂಪ್ ವೇಗವನ್ನು ಮಾತ್ರ ಹೊಂದಿಸುತ್ತದೆ. ಮಗು ಕೈಯಾಡಿಸಿದಾಗ, ತಾಯಿ ಮಗುವನ್ನು ಎತ್ತಿಕೊಂಡಾಗ, ಸ್ಟ್ಯಾಂಡಿನ ಎತ್ತರ ಬದಲಾದಾಗ ಅಥವಾ ನಳಿಕೆಯ ಪ್ಲಾಸ್ಟಿಕ್ ಒತ್ತಿದ ಜಾಗದಲ್ಲಿ ನಿಧಾನವಾಗಿ ಮೆತ್ತಗಾದಾಗ ಆ ವೇಗ ತಾನಾಗಿಯೇ ಬದಲಾಗುತ್ತದೆ.

ಮಗುವಿಗೆ ಹೆಚ್ಚೆಂದರೆ ಎಷ್ಟು ದ್ರವ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಮೇಲಿನ ಕ್ಲಾಂಪ್. ಬ್ಯೂರೆಟ್‌ಗೆ 50 ಮಿ.ಲೀ. ತುಂಬಿ ಮೇಲಿನ ಕ್ಲಾಂಪ್ ಅನ್ನು ಪೂರ್ಣ ಮುಚ್ಚಿದ್ದಲ್ಲಿ, ರೋಲರ್ ಸಂಪೂರ್ಣ ತೆರೆದುಕೊಂಡರೂ ಮಗುವಿಗೆ ಹೋಗುವುದು 50 ಮಿ.ಲೀ. ಮಾತ್ರ. ಅದೇ ಕ್ಲಾಂಪ್ ತೆರೆದಿದ್ದಲ್ಲಿ ಇಡೀ ಬಾಟಲಿಯ ದ್ರವ ಹರಿಯಲು ದಾರಿಯಾಗುತ್ತದೆ. ಆಗ ಬ್ಯೂರೆಟ್ ಇದ್ದೂ ಇಲ್ಲದಂತೆಯೇ ಸರಿ. ಪದೇ ಪದೇ ತುಂಬುವ ಶ್ರಮ ತಪ್ಪಿಸಲು ಮೇಲಿನ ಕ್ಲಾಂಪ್ ಅನ್ನು ಸ್ವಲ್ಪ ತೆರೆದಿಡುವ ರೂಢಿಯೇ ಈ ಸಾಧನದ ಬಳಕೆಯಲ್ಲಿ ಕಂಡುಬರುವ ಅತಿ ಗಂಭೀರ ಲೋಪ.

ಆದಕಾರಣ ಬ್ಯೂರೆಟ್‌ನಲ್ಲಿ ಒಂದು ಬಾರಿಗೆ ಎರಡು ಗಂಟೆಗಳ ಅಗತ್ಯಕ್ಕಿಂತ ಹೆಚ್ಚಿನ ದ್ರವ ತುಂಬದಿರುವುದು ಸುರಕ್ಷಿತ ಪದ್ಧತಿ. ಪಾತ್ರೆ 100 ಮಿ.ಲೀ. ಹಿಡಿಯುತ್ತದೆ ಎಂಬ ಕಾರಣಕ್ಕೆ 100 ಮಿ.ಲೀ. ತುಂಬತಕ್ಕದ್ದಲ್ಲ.

4. ಅಳವಡಿಸುವ ವಿಧಾನ

(1) ವೈದ್ಯರ ಲಿಖಿತ ಆದೇಶದಲ್ಲಿ ಮಗುವಿನ ಹೆಸರು, ಆ ದಿನ ತೂಗಿದ ತೂಕ, ದ್ರವದ ಹೆಸರು ಮತ್ತು ಗಂಟೆಗೆ ನೀಡಬೇಕಾದ ಮಿ.ಲೀ. ಪ್ರಮಾಣ ನಮೂದಾಗಿರುವುದನ್ನು ಪರಿಶೀಲಿಸುವುದು. ಬಾಟಲಿಯ ಚೀಟಿ, ಅವಧಿ ಮುಗಿಯುವ ದಿನಾಂಕ, ದ್ರವದ ತಿಳಿತನ ಹಾಗೂ ಸೋರಿಕೆ ಇಲ್ಲದಿರುವುದನ್ನು ನೋಡುವುದು.

(2) ಕೈಗಳನ್ನು ತೊಳೆದು ಸೆಟ್‌ನ ಪೊಟ್ಟಣವನ್ನು ತೆರೆಯುವುದು. ಮೊದಲು ಮೇಲಿನ ಮತ್ತು ಕೆಳಗಿನ ಎರಡೂ ಕ್ಲಾಂಪ್‌ಗಳನ್ನು ಮುಚ್ಚಿ, ಬ್ಯೂರೆಟ್‌ನ ಗಾಳಿಕಿಂಡಿಯನ್ನು ತೆರೆಯುವುದು.

(3) ಮೊನೆಯನ್ನು ಬೆರಳಿಗೆ ತಾಗಿಸದೆ ಬಾಟಲಿಗೆ ಚುಚ್ಚಿ, ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕುವುದು. ಬ್ಯೂರೆಟ್ ನೇರವಾಗಿ ತೂಗಬೇಕು.

(4) ಮೇಲಿನ ಕ್ಲಾಂಪ್ ತೆರೆದು ಸುಮಾರು 30 ಮಿ.ಲೀ. ದ್ರವವನ್ನು ಬ್ಯೂರೆಟ್‌ಗೆ ಇಳಿಸಿ, ಕ್ಲಾಂಪ್ ಅನ್ನು ಮುಚ್ಚುವುದು.

(5) ಡ್ರಿಪ್ ಚೇಂಬರ್ ಅನ್ನು ಮೆಲ್ಲಗೆ ಒತ್ತಿ ಬಿಟ್ಟು ಅದರ ಅರ್ಧದಷ್ಟು ದ್ರವ ಬರುವಂತೆ ಮಾಡುವುದು. ಪೂರ್ಣ ತುಂಬಿದಲ್ಲಿ ಹನಿಗಳನ್ನು ಎಣಿಸಲಾಗುವುದಿಲ್ಲ. ತಳದಲ್ಲಿ ತೇಲುವ ಕವಾಟದ ಬದಲು ಫಿಲ್ಟರ್ ಪೊರೆ ಇರುವ ಸೆಟ್‌ಗಳಲ್ಲಿ ಒತ್ತುವ ಕ್ರಮ ಬೇರೆ ಇರುವುದರಿಂದ ತಯಾರಕರ ಸೂಚನೆಯನ್ನು ಪಾಲಿಸುವುದು.

(6) ಕೆಳಗಿನ ಕ್ಲಾಂಪ್ ಅನ್ನು ನಿಧಾನವಾಗಿ ತೆರೆದು ನಳಿಕೆಯ ಉದ್ದಕ್ಕೂ ದ್ರವ ಹರಿಸಿ, ಗಾಳಿಗುಳ್ಳೆಗಳೆಲ್ಲ ಹೊರಹೋದ ನಂತರ ಮುಚ್ಚುವುದು.

(7) ನಳಿಕೆ ತುಂಬಲು ಬಳಕೆಯಾದ ದ್ರವವನ್ನು ಮಗುವಿನ ಲೆಕ್ಕಕ್ಕೆ ಸೇರಿಸಬಾರದು. ಆದ್ದರಿಂದ ಇದಾದ ನಂತರವೇ ಬ್ಯೂರೆಟ್ ಅನ್ನು ನಿಗದಿತ ಗೆರೆಯವರೆಗೆ ತುಂಬಿ, ಮೇಲಿನ ಕ್ಲಾಂಪ್ ಅನ್ನು ಪೂರ್ಣ ಮುಚ್ಚುವುದು. ಅಳತೆಯನ್ನು ಕಣ್ಣಿನ ಮಟ್ಟದಲ್ಲಿ ನೋಡುವುದು. ಕೆಳಗಿನಿಂದ ತಲೆಯೆತ್ತಿ ನೋಡಿದಲ್ಲಿ ಓದು ತಪ್ಪುತ್ತದೆ.

(8) ಮುಚ್ಚಿದ ಕ್ಲಾಂಪ್ ನಿಜವಾಗಿಯೂ ಬಿಗಿಯಾಗಿದೆಯೇ ಎಂಬುದನ್ನು ಒಂದು ನಿಮಿಷ ಗಮನಿಸುವುದು. ಬಾಟಲಿಯಿಂದ ಬ್ಯೂರೆಟ್‌ಗೆ ಒಂದು ಹನಿಯೂ ಬೀಳಬಾರದು, ಮಟ್ಟ ಏರಬಾರದು.

(9) ಕ್ಯಾನ್ಯುಲಾ ಇರುವ ಜಾಗದಲ್ಲಿ ಊತ ಅಥವಾ ನೋವು ಇಲ್ಲವೆಂದು ನೋಡಿ, ನಳಿಕೆಯನ್ನು ಜೋಡಿಸಿ, ಕೆಳಗಿನ ಕ್ಲಾಂಪ್ ತೆರೆದು ಹನಿಗಳನ್ನು ಒಂದು ಪೂರ್ಣ ನಿಮಿಷ ಎಣಿಸಿ ವೇಗ ಹೊಂದಿಸುವುದು. ಆರಂಭದ ಸಮಯ ಮತ್ತು ಬ್ಯೂರೆಟ್‌ನ ಅಳತೆಯನ್ನು ದಾಖಲಿಸುವುದು.

5. ಉದಾಹರಣೆ

6 ಕಿ.ಗ್ರಾಂ. ತೂಕದ ಆರು ತಿಂಗಳ ಶಿಶುವೊಂದರ ನಿರ್ಜಲೀಕರಣವನ್ನು ಸರಿಪಡಿಸಲಾಗಿದ್ದು, ವಾಂತಿ ಇನ್ನೂ ನಿಲ್ಲದ ಕಾರಣ ವೈದ್ಯರು ದೈನಂದಿನ ಅಗತ್ಯದ ದ್ರವವನ್ನು ಡ್ರಿಪ್ ಮೂಲಕ ನೀಡಲು ಆದೇಶಿಸಿದ್ದಾರೆ ಎಂದು ಭಾವಿಸೋಣ. ಮೊದಲ 10 ಕಿ.ಗ್ರಾಂ. ತೂಕಕ್ಕೆ ಪ್ರತಿ ಕಿ.ಗ್ರಾಂ.ಗೆ ದಿನಕ್ಕೆ 100 ಮಿ.ಲೀ. ಎಂಬ ಪ್ರಚಲಿತ ಸೂತ್ರದಂತೆ 24 ಗಂಟೆಗಳಿಗೆ 600 ಮಿ.ಲೀ., ಅಂದರೆ ಗಂಟೆಗೆ 25 ಮಿ.ಲೀ. ಆಗುತ್ತದೆ. 60 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 25 ಹನಿ.

ರಾತ್ರಿ 10 ಗಂಟೆಗೆ ಬ್ಯೂರೆಟ್‌ಗೆ 50 ಮಿ.ಲೀ. ತುಂಬಿ ಮೇಲಿನ ಕ್ಲಾಂಪ್ ಮುಚ್ಚಲಾಗುತ್ತದೆ. 10-15ಕ್ಕೆ ಮೊದಲ ತಪಾಸಣೆ. ಆಗ ಬ್ಯೂರೆಟ್‌ನಲ್ಲಿ ಸುಮಾರು 44 ಮಿ.ಲೀ. ಉಳಿದಿರಬೇಕು. 11 ಗಂಟೆಗೆ 25 ಮಿ.ಲೀ. ಉಳಿದಿರುತ್ತದೆ. ಆಗ ಮತ್ತೆ 25 ಮಿ.ಲೀ. ಇಳಿಸಿ 50ಕ್ಕೆ ತಂದು, ಮೇಲಿನ ಕ್ಲಾಂಪ್ ಮುಚ್ಚಿ, ಹನಿಗಳನ್ನು ಮರಳಿ ಎಣಿಸಲಾಗುತ್ತದೆ.

ದಾಖಲೆಯನ್ನು ನಗದು ಪುಸ್ತಕದಂತೆ ಬರೆಯುವುದು ಅನುಕೂಲಕರ. ಸಮಯ, ಆರಂಭಿಕ ಶಿಲ್ಕು, ಮಗುವಿಗೆ ಹೋದದ್ದು, ಉಳಿದ ಶಿಲ್ಕು, ಹೊಸದಾಗಿ ತುಂಬಿದ್ದು, ಅಲ್ಲಿಯವರೆಗಿನ ಒಟ್ಟು ಮೊತ್ತ ಎಂಬ ಆರು ಕಲಂಗಳು ಸಾಕು. 11 ಗಂಟೆಯ ಸಾಲಿನಲ್ಲಿ ಕ್ರಮವಾಗಿ 50, 25, 25, 25 ಮತ್ತು ಒಟ್ಟು 25 ಎಂದಿರುತ್ತದೆ. ಬ್ಯೂರೆಟ್‌ಗೆ ತುಂಬಿದ ದ್ರವವನ್ನು ಮಗುವಿಗೆ ಹೋದ ದ್ರವವೆಂದು ಬರೆಯತಕ್ಕದ್ದಲ್ಲ.

ಈಗ 12 ಗಂಟೆಗೆ ನೋಡಿದಾಗ 25 ಮಿ.ಲೀ. ಉಳಿದಿರುವ ಬದಲು ಬ್ಯೂರೆಟ್ ಪೂರ್ಣ ಖಾಲಿಯಾಗಿದೆ ಎಂದಿಟ್ಟುಕೊಳ್ಳೋಣ. ಶಿಶು ಹೊರಳಿದಾಗ ರೋಲರ್ ಜರುಗಿರುತ್ತದೆ. ಆ ಗಂಟೆಯಲ್ಲಿ ಹೋದದ್ದು 50 ಮಿ.ಲೀ., ಆದೇಶಕ್ಕಿಂತ 25 ಮಿ.ಲೀ. ಹೆಚ್ಚು, ಅಂದರೆ ಪ್ರತಿ ಕಿ.ಗ್ರಾಂ. ತೂಕಕ್ಕೆ ಸುಮಾರು 4 ಮಿ.ಲೀ. ಇದು ಲೋಪವೇ ಆದರೂ, ಹಠಾತ್ತನೆ ಪ್ರಾಣಾಪಾಯ ತರುವ ಪ್ರಮಾಣಕ್ಕಿಂತ ಬಹಳ ಕಡಿಮೆ. ಅದೇ ಮೇಲಿನ ಕ್ಲಾಂಪ್ ತೆರೆದಿದ್ದಲ್ಲಿ ಬಾಟಲಿಯಲ್ಲಿ ಉಳಿದಿದ್ದ ಸುಮಾರು 400 ಮಿ.ಲೀ. ದ್ರವಕ್ಕೂ ಶಿಶುವಿನವರೆಗೆ ದಾರಿ ಇರುತ್ತಿತ್ತು. ಎರಡು ಸಂದರ್ಭಗಳಲ್ಲೂ ರೋಲರ್ ಜರುಗಿದ್ದು ಒಂದೇ ರೀತಿ. ಪರಿಣಾಮದಲ್ಲಿನ ವ್ಯತ್ಯಾಸಕ್ಕೆ ಕಾರಣ ಮೇಲಿನ ಕ್ಲಾಂಪ್ ಒಂದೇ.

ಇಂತಹ ಸಂದರ್ಭದಲ್ಲಿ ಕೂಡಲೇ ಕೆಳಗಿನ ಕ್ಲಾಂಪ್ ಮುಚ್ಚಿ, ಶಿಶುವಿನ ಉಸಿರಾಟ ಮತ್ತು ನಾಡಿಯನ್ನು ಎಣಿಸಿ, ವೈದ್ಯರಿಗೆ ತಿಳಿಸತಕ್ಕದ್ದು. ಅವರ ಸೂಚನೆ ಬರುವವರೆಗೆ ಬ್ಯೂರೆಟ್ ಅನ್ನು ಮತ್ತೆ ತುಂಬಬಾರದು. ಇದಕ್ಕೆ ವ್ಯತಿರಿಕ್ತವಾಗಿ ದ್ರವ ನಿಗದಿಗಿಂತ ಕಡಿಮೆ ಹೋಗಿದ್ದಲ್ಲಿ, ಬಾಕಿಯನ್ನು ಸರಿದೂಗಿಸಲು ವೇಗ ಹೆಚ್ಚಿಸುವುದೂ ತಪ್ಪು. ನಿಗದಿತ ವೇಗಕ್ಕೆ ಮರಳಿಸಿ, ಕೊರತೆಯನ್ನು ವೈದ್ಯರ ಗಮನಕ್ಕೆ ತರುವುದಷ್ಟೇ ಕರ್ತವ್ಯ.

6. ಹನಿ ನಿಧಾನವಾದಾಗ ಪರಿಶೀಲಿಸಬೇಕಾದ ಕ್ರಮ

ಹನಿ ನಿಧಾನವಾದ ಕೂಡಲೇ ರೋಲರ್ ಅನ್ನು ಇನ್ನಷ್ಟು ತೆರೆಯುವುದು ಸಹಜ ಪ್ರವೃತ್ತಿ. ಅನೇಕ ವೇಳೆ ಮುಂದಿನ ಅವಘಡಕ್ಕೆ ಇದೇ ನಾಂದಿಯಾಗುತ್ತದೆ. ಬ್ಯೂರೆಟ್ ಗಟ್ಟಿ ಪಾತ್ರೆಯಾದ್ದರಿಂದ ದ್ರವ ಕೆಳಗಿಳಿದಂತೆ ಅಷ್ಟೇ ಗಾಳಿ ಮೇಲಿನಿಂದ ಒಳಬರಬೇಕು. ಗಾಳಿಕಿಂಡಿ ಮುಚ್ಚಿದ್ದಲ್ಲಿ ಒಳಗೆ ನಿರ್ವಾತ ಉಂಟಾಗಿ ಹನಿ ನಿಧಾನವಾಗುತ್ತಾ ಹೋಗಿ ನಿಂತುಬಿಡುತ್ತದೆ. ಆ ಸ್ಥಿತಿಯಲ್ಲಿ ರೋಲರ್ ತೆರೆದಿಟ್ಟು, ನಂತರ ಯಾರಾದರೂ ಗಾಳಿಕಿಂಡಿಯನ್ನು ತೆರೆದಲ್ಲಿ ದ್ರವ ಒಮ್ಮೆಲೇ ಧಾರೆಯಾಗಿ ಇಳಿಯುತ್ತದೆ.

ಗಾಳಿಕಿಂಡಿ ತೆರೆದಿದ್ದರೂ ಅದರ ಫಿಲ್ಟರ್ ಒದ್ದೆಯಾಗಿದ್ದಲ್ಲಿ ಗಾಳಿ ಒಳಬರುವುದಿಲ್ಲ. ಬ್ಯೂರೆಟ್ ಅನ್ನು ಕಂಠಪೂರ್ತಿ ತುಂಬಿದಾಗ ಅಥವಾ ಅದು ಅಡ್ಡ ಬಿದ್ದಾಗ ಹೀಗಾಗುತ್ತದೆ. ಮೇಲಿನ ಕ್ಲಾಂಪ್ ಸರಿಯಾಗಿ ಮುಚ್ಚದೆ ಮಟ್ಟ ಏರುತ್ತಾ ಹೋದಾಗಲೂ ಫಿಲ್ಟರ್ ಒದ್ದೆಯಾಗುವುದರಿಂದ, ಇದು ಆ ಲೋಪದ ಸುಳಿವೂ ಹೌದು. ಒದ್ದೆಯಾದ ಫಿಲ್ಟರ್‌ನ ಬದಲು ಮುಚ್ಚಳಕ್ಕೆ ಸೂಜಿ ಚುಚ್ಚಿ ಗಾಳಿ ಬಿಡುವುದು ಸೋಂಕಿಗೆ ಎಡೆಮಾಡುತ್ತದೆ. ಸೆಟ್ ಬದಲಾಯಿಸುವುದೇ ಸರಿಯಾದ ಕ್ರಮ.

ಆದ್ದರಿಂದ ಪರಿಶೀಲನೆ ಈ ಅನುಕ್ರಮದಲ್ಲಿರಲಿ: ಮೊದಲು ಬ್ಯೂರೆಟ್‌ನಲ್ಲಿ ದ್ರವ ಇದೆಯೇ, ನಂತರ ಗಾಳಿಕಿಂಡಿ ತೆರೆದಿದೆಯೇ, ನಂತರ ನಳಿಕೆ ಮಡಚಿದೆಯೇ ಅಥವಾ ಮಗುವಿನ ಮೈಕೆಳಗೆ ಸಿಲುಕಿದೆಯೇ, ನಂತರ ಕ್ಯಾನ್ಯುಲಾ ಜಾಗ ಊದಿದೆಯೇ. ರೋಲರ್ ಅನ್ನು ಮುಟ್ಟುವುದು ಕೊನೆಗೆ.

7. ಮಗುವನ್ನು ಬೇರೆ ಆಸ್ಪತ್ರೆಗೆ ಸಾಗಿಸುವಾಗ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂತಹ ಊರುಗಳಿಂದ ತೀವ್ರ ಅಸ್ವಸ್ಥ ಮಗುವನ್ನು ಚನ್ನಗಿರಿಗೆ, ಅಗತ್ಯಬಿದ್ದಲ್ಲಿ ಅಲ್ಲಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಕಡೆಗಳಿಂದಲೂ ಇಂತಹ ಪ್ರಯಾಣ ಅನಿವಾರ್ಯವಾಗುತ್ತದೆ. ಚಲಿಸುವ ವಾಹನದಲ್ಲಿ ಬ್ಯೂರೆಟ್ ಓಲಾಡುತ್ತದೆ, ಹನಿಗಳನ್ನು ಎಣಿಸುವುದು ಕಷ್ಟವಾಗುತ್ತದೆ, ಮಗುವನ್ನು ಸ್ಟ್ರೆಚರ್‌ಗೆ ಎತ್ತುವಾಗ ಹಾಗೂ ಇಳಿಸುವಾಗ ವೇಗ ಬದಲಾಗುತ್ತದೆ. ಬಾಟಲಿಯ ಮೇಲಿನ ನಿಗಾ ಅತ್ಯಂತ ಕಡಿಮೆಯಾಗುವ ಈ ಅವಧಿಯಲ್ಲಿಯೇ ಬ್ಯೂರೆಟ್‌ನ ಮಿತಿ ಹೆಚ್ಚು ಉಪಯುಕ್ತವಾಗುತ್ತದೆ.

ಹೊರಡುವ ಮುನ್ನ ಪ್ರಯಾಣದ ಅವಧಿಗೆ ಬೇಕಾದಷ್ಟೇ ದ್ರವವನ್ನು ಬ್ಯೂರೆಟ್‌ಗೆ ತುಂಬಿ ಮೇಲಿನ ಕ್ಲಾಂಪ್ ಮುಚ್ಚುವುದು. ಮೇಲಿನ ಉದಾಹರಣೆಯ ಶಿಶುವಿಗೆ ಒಂದು ಗಂಟೆಯ ಪ್ರಯಾಣಕ್ಕೆ 25 ಮಿ.ಲೀ., ವಿಳಂಬದ ಸಾಧ್ಯತೆಗಾಗಿ ಇನ್ನೊಂದು 10 ಮಿ.ಲೀ. ಇದ್ದರೆ ಸಾಕು. ಮಗುವನ್ನು ಎತ್ತಿ ಸ್ಥಳಾಂತರಿಸುವ ಕೆಲವು ಕ್ಷಣ ಕೆಳಗಿನ ಕ್ಲಾಂಪ್ ಮುಚ್ಚಿ, ವಾಹನದೊಳಗೆ ತೂಗುಹಾಕಿದ ನಂತರ ತೆರೆದು ಹನಿ ಎಣಿಸುವುದು. 108 ಆಂಬ್ಯುಲೆನ್ಸ್‌ನ ಸಿಬ್ಬಂದಿಗೆ ಮಗುವನ್ನು ಒಪ್ಪಿಸುವಾಗ ಹಾಗೂ ತಲುಪಿದ ಆಸ್ಪತ್ರೆಯಲ್ಲಿ ಒಪ್ಪಿಸುವಾಗ ಬ್ಯೂರೆಟ್‌ನ ಅಳತೆ, ಆದೇಶಿತ ವೇಗ ಮತ್ತು ಅಲ್ಲಿಯವರೆಗಿನ ಒಟ್ಟು ಮೊತ್ತವನ್ನು ಬರಹದಲ್ಲಿ ನೀಡತಕ್ಕದ್ದು.

8. ಬ್ಯೂರೆಟ್ ಸೆಟ್‌ನ ಇತಿಮಿತಿಗಳು

ಬ್ಯೂರೆಟ್ ಪ್ರಮಾಣವನ್ನು ಮಾತ್ರ ಮಿತಿಗೊಳಿಸುತ್ತದೆ. ಆ ಪ್ರಮಾಣದ ದ್ರವ ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ಅದು ತಡೆಯುವುದಿಲ್ಲ. ಪೊಟ್ಯಾಸಿಯಂನಂತಹ ಔಷಧವನ್ನು ಬ್ಯೂರೆಟ್‌ಗೆ ಸೇರಿಸಿದಲ್ಲಿ 25 ಮಿ.ಲೀ. ವೇಗವಾಗಿ ಹೋಗುವುದೂ ಅಪಾಯಕಾರಿ. ವೈದ್ಯರ ಸ್ಪಷ್ಟ ಆದೇಶವಿಲ್ಲದೆ ಬ್ಯೂರೆಟ್‌ಗೆ ಯಾವುದೇ ಔಷಧ ಸೇರಿಸಬಾರದು. ಸೇರಿಸಿದಲ್ಲಿ ಔಷಧದ ಹೆಸರು, ಪ್ರಮಾಣ ಮತ್ತು ಸಮಯ ಬರೆದ ಚೀಟಿಯನ್ನು ಬ್ಯೂರೆಟ್ ಮೇಲೆಯೇ ಅಂಟಿಸತಕ್ಕದ್ದು. ಔಷಧದೊಂದಿಗೆ ಹೋಗುವ ದ್ರವವನ್ನೂ ಒಟ್ಟು ಲೆಕ್ಕಕ್ಕೆ ಸೇರಿಸತಕ್ಕದ್ದು.

ಇನ್ಫ್ಯೂಷನ್ ಪಂಪ್ ಲಭ್ಯವಿರುವಲ್ಲಿ ವೇಗ ಹೆಚ್ಚು ನಿಖರವಾಗಿರುತ್ತದೆ. ಆದರೂ ಪಂಪ್‌ನಿಂದ ನಳಿಕೆಯನ್ನು ಹೊರತೆಗೆಯುವಾಗ ಕ್ಲಾಂಪ್ ಮುಚ್ಚಲು ಮರೆತಲ್ಲಿ ದ್ರವ ತಡೆಯಿಲ್ಲದೆ ಹರಿಯಬಹುದು. ಪಂಪ್‌ಗೆ ಹೊಂದುವ ಬ್ಯೂರೆಟ್ ಸೆಟ್ ಬಳಸಿದಲ್ಲಿ ಆ ನಷ್ಟಕ್ಕೂ ಮಿತಿ ಇರುತ್ತದೆ.

ಆದೇಶವೇ ಮಗುವಿನ ಅಗತ್ಯಕ್ಕಿಂತ ಹೆಚ್ಚಾಗಿದ್ದಲ್ಲಿ ಬ್ಯೂರೆಟ್ ಅದನ್ನು ತಿಳಿಸಲಾರದು. ಲೆಕ್ಕ ಸರಿಯಿದ್ದಾಗಲೂ ಮಗುವನ್ನೇ ನೋಡಬೇಕು. ಉಸಿರಾಟ ವೇಗವಾಗುವುದು, ಪಕ್ಕೆ ಸೆಳೆತ, ಹೊಸದಾಗಿ ಆರಂಭವಾದ ಕೆಮ್ಮು, ಕಣ್ಣುರೆಪ್ಪೆಗಳ ಊತ, ನಾಡಿಬಡಿತ ಹೆಚ್ಚುವುದು, ತೂಕ ಅನಿರೀಕ್ಷಿತವಾಗಿ ಏರುವುದು ಇವು ದ್ರವ ಹೆಚ್ಚಾಗಿರುವುದರ ಲಕ್ಷಣಗಳು. ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ಡ್ರಿಪ್ ನಿಲ್ಲಿಸಿ ವೈದ್ಯರನ್ನು ಕರೆಯತಕ್ಕದ್ದು. ತೀವ್ರ ಅಪೌಷ್ಟಿಕತೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವ ಮಕ್ಕಳಲ್ಲಿ ಅಲ್ಪ ಪ್ರಮಾಣದ ಹೆಚ್ಚಳವೂ ಹಾನಿ ಮಾಡಬಹುದು.

9. ಪೋಷಕರಿಗೆ ಸೂಚನೆ

ಮಗುವಿನ ಬಳಿ ಇರುವ ತಾಯಿ ಅಥವಾ ಪೋಷಕರು ಯಾವುದೇ ಕ್ಲಾಂಪ್ ಅನ್ನು ಮುಟ್ಟಬಾರದು. "ಬೇಗ ಮುಗಿದರೆ ಒಳ್ಳೆಯದು" ಎಂದು ರೋಲರ್ ತಿರುಗಿಸುವುದು ಮಗುವಿಗೆ ಹಾನಿಕರ. ಮಗುವನ್ನು ಎತ್ತಿಕೊಳ್ಳುವ ಮುನ್ನ ಶುಶ್ರೂಷಾಧಿಕಾರಿಯವರಿಗೆ ತಿಳಿಸುವುದು. ಬ್ಯೂರೆಟ್‌ನಲ್ಲಿನ ದ್ರವ ಕಡಿಮೆಯಾಗುವ ಬದಲು ಏರುತ್ತಿದ್ದಲ್ಲಿ, ಬಾಟಲಿಯಿಂದ ಬ್ಯೂರೆಟ್‌ಗೆ ಹನಿ ಬೀಳುತ್ತಲೇ ಇದ್ದಲ್ಲಿ, ಹನಿಗಳು ಧಾರೆಯಂತೆ ಕಂಡಲ್ಲಿ ಅಥವಾ ಬ್ಯೂರೆಟ್ ಖಾಲಿಯಾಗುತ್ತಾ ಬಂದಲ್ಲಿ ಕೂಡಲೇ ಕರೆಯುವುದು. ಬ್ಯೂರೆಟ್ ಖಾಲಿಯಾಗಿ ಹನಿ ನಿಂತಿದ್ದಲ್ಲಿ ಗಾಬರಿಪಡುವ ಅಗತ್ಯವಿಲ್ಲ. ಆದರೆ ಹೆಚ್ಚು ಹೊತ್ತು ನಿಂತಲ್ಲಿ ಕ್ಯಾನ್ಯುಲಾದೊಳಗೆ ರಕ್ತ ಹೆಪ್ಪುಗಟ್ಟಿ ಮಗುವಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗಬಹುದು.

10. ಬಳಕೆಯ ನಂತರ

ಬ್ಯೂರೆಟ್ ಸೆಟ್ ಒಂದೇ ಮಗುವಿನ ಬಳಕೆಗೆ ಮೀಸಲು. ತೊಳೆದು ಇನ್ನೊಂದು ಮಗುವಿಗೆ ಬಳಸತಕ್ಕದ್ದಲ್ಲ. ಅಳವಡಿಸಿದ ದಿನಾಂಕ ಮತ್ತು ಸಮಯವನ್ನು ಸೆಟ್ ಮೇಲೆ ಬರೆದು, ಆಸ್ಪತ್ರೆಯ ಸೋಂಕು ನಿಯಂತ್ರಣ ನಿಯಮದಂತೆ ನಿಗದಿತ ಅವಧಿಗೆ ಬದಲಾಯಿಸುವುದು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ಸೂಜಿಯಿಲ್ಲದ ನಳಿಕೆ ಮತ್ತು ಸೆಟ್ ಅನ್ನು ಕೆಂಪು ಚೀಲಕ್ಕೆ, ಸೂಜಿಯನ್ನು ಚುಚ್ಚಲಾಗದ ಬಿಳಿ ಪೆಟ್ಟಿಗೆಗೆ ಹಾಕತಕ್ಕದ್ದು. ಮಗುವಿಗೆ ಹೋದ ದ್ರವದ ಅಂತಿಮ ಮೊತ್ತವನ್ನು ಚಿಕಿತ್ಸಾ ದಾಖಲೆಯಲ್ಲಿ ನಮೂದಿಸಿ, ಬ್ಯೂರೆಟ್‌ನಲ್ಲಿ ಉಳಿದ ದ್ರವವನ್ನು ಕಳೆದು ಲೆಕ್ಕ ಮುಕ್ತಾಯಗೊಳಿಸುವುದು.